ಟಾಪ್ ಗೇರಿನಲ್ಲಿ ಅದುರುವ ಕಾರು

ಮ್ಯಾನುಯಲ್ ಗೇರಿನ ಡೀಸೆಲ್ ಕಾರುಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಾರು ಐದನೇ ಗೇರಿನಲ್ಲಿ ಗಂಟೆಗೆ 40-45 ಕಿ.ಮೀ. ವೇಗದಲ್ಲಿ ಸಾಗುತ್ತಿರುತ್ತದೆ. ಚಾಲಕ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದ ಕೂಡಲೇ ಇಡೀ ಗಾಡಿ ಗಡಗಡ ಅದುರುತ್ತದೆ. ವೇಗ ಸ್ವಲ್ಪ ಏರಿದರೆ ಅಥವಾ ಗೇರು ಇಳಿಸಿದರೆ ನಡುಕ ನಿಂತುಹೋಗುತ್ತದೆ. ಕ್ಲಚ್ ಪೂರ್ತಿ ಬಿಟ್ಟಿರುವಾಗಲೇ ಹೀಗಾಗುವುದರಿಂದ, ಕಾರು ಹೊರಡುವಾಗ ಕ್ಲಚ್ ಪ್ಲೇಟ್ ಹಿಡಿದುಕೊಳ್ಳುವಾಗಿನ ನಡುಕಕ್ಕೂ ಇದಕ್ಕೂ ಸಂಬಂಧವಿಲ್ಲ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಅನುಮಾನ ಬೀಳುವುದು ಮೂರು ಭಾಗಗಳ ಮೇಲೆ: ಇಂಜಿನ್ ಮೌಂಟಿಂಗ್, ಫ್ಲೈವೀಲ್ ಮತ್ತು ಇಂಜೆಕ್ಟರ್. ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಬಿಚ್ಚುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು.

ಇಂಜಿನ್ ಚಕ್ರಗಳಿಗೆ ಕೊಡುವ ಬಲ ಒಂದೇ ಸಮನೆ ಹರಿಯುವುದಿಲ್ಲ, ಬಿಡಿಬಿಡಿ ಹೊಡೆತಗಳಾಗಿ ಬರುತ್ತದೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗ ಎರಡು ಸಿಲಿಂಡರುಗಳಲ್ಲಿ ಇಂಧನ ಉರಿಯುತ್ತದೆ. 1200 ಆರ್‌ಪಿಎಂನಲ್ಲಿ ಸೆಕೆಂಡಿಗೆ 20 ಸುತ್ತು, ಅಂದರೆ 40 ಹೊಡೆತ. 2400ಕ್ಕೆ ಏರಿದರೆ ಅದು 80 ಆಗುತ್ತದೆ. ಅದೇ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ ಕೊಡಬೇಕಾದರೆ ಒಂದೊಂದು ಹೊಡೆತವೂ ಹೆಚ್ಚು ಬಲವಾಗಿರಬೇಕು, ಎರಡರ ನಡುವಿನ ಬಿಡುವೂ ಹಿಗ್ಗುತ್ತದೆ. ಈ ಏರಿಳಿತವನ್ನು ತಗ್ಗಿಸುವ ಫ್ಲೈವೀಲ್‌ನಲ್ಲಿ ಅಡಗಿರುವ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಅರ್ಧವಾದರೆ ಆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಹೀಗೆ ಹೊಡೆತ ಅತಿ ಒರಟಾಗಿರುವ ಹೊತ್ತಿಗೇ ಅದನ್ನು ತಡೆದುಕೊಳ್ಳುವ ಸಾಮರ್ಥ್ಯವೂ ಅತಿ ಕಡಿಮೆಯಾಗಿರುತ್ತದೆ.

ಆದ್ದರಿಂದ ಎಲ್ಲ ಅದುರುವಿಕೆಯೂ ರಿಪೇರಿ ಬೇಡುವ ದೋಷವಲ್ಲ. ಐದನೇ ಗೇರಿನಲ್ಲಿ 1000 ಆರ್‌ಪಿಎಂಗೂ ಕೆಳಗಿರುವಾಗ ಆಕ್ಸಿಲರೇಟರ್ ಒತ್ತಿದರೆ ಹೊಸ ಕಾರೂ ಗೊಣಗುತ್ತದೆ. ಅಲ್ಲಿ ಟರ್ಬೊ ಕೂಡ ಇನ್ನೂ ಸರಿಯಾಗಿ ಗಾಳಿ ತುಂಬುತ್ತಿರುವುದಿಲ್ಲ. ಅದಕ್ಕೆ ಮದ್ದು ಗೇರು ಇಳಿಸುವುದು. ಆದರೆ ಮೊದಲು 1200ರಲ್ಲಿ ನಯವಾಗಿ ಎಳೆಯುತ್ತಿದ್ದ ಗಾಡಿ ಈಗ ಅದೇ 1200ರಲ್ಲಿ ನಡುಗುತ್ತಿದ್ದರೆ ಏನೋ ಸವೆದಿದೆ ಅಥವಾ ಕೆಟ್ಟಿದೆ ಎಂದೇ ಅರ್ಥ.

ಮೊದಲ ಪರೀಕ್ಷೆ ನಡೆಯಬೇಕಾದದ್ದು ರಸ್ತೆಯಲ್ಲಿ. ನಡುಕ ಗಾಡಿಯ ವೇಗಕ್ಕೆ ಅಂಟಿಕೊಂಡಿದೆಯೋ ಇಂಜಿನ್ನಿನ ಸುತ್ತಿಗೆ ಅಂಟಿಕೊಂಡಿದೆಯೋ ಎಂದು ನೋಡಬೇಕು. 45 ಕಿ.ಮೀ. ವೇಗದಲ್ಲಿ ಮೂರನೇ ಗೇರಿಗೆ ಇಳಿಸಿದರೂ ನಡುಕ ಹಾಗೇ ಉಳಿದರೆ ಚಕ್ರ, ಟಯರು, ಆಕ್ಸಲ್‌ಗಳ ಕಡೆ ನೋಡಬೇಕು. ಗೇರು ಇಳಿಸಿದಾಗ ನಿಂತು, ನಾಲ್ಕನೇ ಗೇರಿನಲ್ಲಿಯೂ 1200 ಆರ್‌ಪಿಎಂಗೆ ಬಂದಾಗ ಮತ್ತೆ ಕಾಣಿಸಿಕೊಂಡರೆ ಮೂಲ ಇಂಜಿನ್ ಇಲ್ಲವೇ ಅದಕ್ಕೆ ಅಂಟಿದ ಭಾಗಗಳಲ್ಲಿದೆ. ನಡುಕದ ಲಯವೂ ಸುಳಿವು ಕೊಡುತ್ತದೆ. ಎಲ್ಲ ಸಿಲಿಂಡರುಗಳ ಹೊಡೆತವೂ ಒಳಗೆ ತಲುಪುತ್ತಿದ್ದರೆ ಅದು ಬಿಡಿಯಾಗಿ ಕೇಳದ ಗುಂಯ್‌ಗುಡುವ ಕಂಪನ. ಒಂದು ಸಿಲಿಂಡರ್ ಮಾತ್ರ ದುರ್ಬಲವಾಗಿದ್ದರೆ 1200 ಆರ್‌ಪಿಎಂನಲ್ಲಿ ಸೆಕೆಂಡಿಗೆ 10 ಸಲ ಮಾತ್ರ ಕೊರತೆ ಬೀಳುತ್ತದೆ. ಸೀಟಿನಲ್ಲಿ ಕೂತವರಿಗೆ ಅದು ದಡದಡ ಕುಲುಕಾಟವಾಗಿ ತಿಳಿಯುತ್ತದೆ.

ಮೌಂಟಿಂಗ್ ಪರೀಕ್ಷಿಸುವುದು ಸುಲಭ, ಖರ್ಚೂ ಕಡಿಮೆ. ಇಂಜಿನ್ ಅಡ್ಡಲಾಗಿ ಕೂತಿರುವ ಕಾರುಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಬದಿಗೊಂದು, ಗೇರ್‌ಬಾಕ್ಸ್ ಬದಿಗೊಂದು, ಕೆಳಗೆ ಇಂಜಿನ್ ಹಿಂದೆಮುಂದೆ ವಾಲದಂತೆ ಹಿಡಿಯುವ ಇನ್ನೊಂದು ಮೌಂಟಿಂಗ್ ಇರುತ್ತವೆ. ಕೆಲವು ಮೌಂಟಿಂಗ್‌ಗಳ ರಬ್ಬರಿನೊಳಗೆ ದ್ರವವಿರುತ್ತದೆ. ಅದು ಸೋರಿದರೆ ಸುತ್ತ ಕಪ್ಪು ಜಿಡ್ಡು ಕಾಣುತ್ತದೆ. ಬಾನೆಟ್ ತೆರೆದು, ಕಾರಿನ ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಬ್ರೇಕ್ ಗಟ್ಟಿಯಾಗಿ ಒತ್ತಿ, ಒಂದನೇ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಒಂದಿಷ್ಟೇ ಬಿಟ್ಟಾಗ ಇಂಜಿನ್ ಎಷ್ಟು ಹೊರಳುತ್ತದೆ ಎಂದು ಬದಿಯಿಂದ ನೋಡಬೇಕು. ಟಣ್ಣೆಂದು ಬಡಿದರೆ ಅಥವಾ ಒಂದೇ ಕಡೆಗೆ ಅತಿಯಾಗಿ ವಾಲಿದರೆ ರಬ್ಬರ್ ಹರಿದಿದೆ. ಇನ್ನೊಂದು ಮಾತು ನೆನಪಿಡಬೇಕು: ಮೌಂಟಿಂಗ್ ಕಂಪನವನ್ನು ಹುಟ್ಟಿಸುವುದಿಲ್ಲ, ಇರುವ ಕಂಪನವನ್ನು ಬಾಡಿಗೆ ದಾಟಲು ಬಿಡುತ್ತದೆ. ಹಾಗಾಗಿ ಮೌಂಟಿಂಗ್ ಮಾತ್ರ ಹೋಗಿದ್ದರೆ ಗಾಡಿ ನಡುಗಿದರೂ ಎಳೆತ ಕುಗ್ಗುವುದಿಲ್ಲ. ಐಡಲಿಂಗ್‌ನಲ್ಲಿ ನಿಂತಾಗಲೂ ಸ್ಟೀರಿಂಗು, ಸೀಟು ಅದುರುತ್ತವೆ.

ಇಂದಿನ ಬಹಳಷ್ಟು ಡೀಸೆಲ್ ಕಾರುಗಳಲ್ಲಿರುವ ಡ್ಯುಯಲ್ ಮಾಸ್ ಫ್ಲೈವೀಲ್ ಎರಡು ತಟ್ಟೆಗಳಿಂದ ಆದದ್ದು. ಒಂದು ಕ್ರ್ಯಾಂಕಿಗೆ, ಇನ್ನೊಂದು ಕ್ಲಚ್ಚಿಗೆ ಸೇರಿರುತ್ತದೆ. ನಡುವೆ ಗ್ರೀಸಿನಲ್ಲಿ ಮುಳುಗಿದ ಬಾಗಿದ ಸ್ಪ್ರಿಂಗುಗಳು ಪ್ರತಿ ಹೊಡೆತಕ್ಕೂ ಕುಗ್ಗಿ ಹಿಗ್ಗಿ, ಗೇರ್‌ಬಾಕ್ಸಿಗೆ ಬಲ ನಯವಾಗಿ ಹೋಗುವಂತೆ ಮಾಡುತ್ತವೆ. ಸ್ಪ್ರಿಂಗುಗಳು ಸವೆದರೆ ಅಥವಾ ಗ್ರೀಸ್ ಒಣಗಿದರೆ ಟಾಪ್ ಗೇರಿನ ಮೆಲ್ಲನೆಯ ಎಳೆತದಲ್ಲಿ ಅದು ಚೆನ್ನಾಗಿ ಎದ್ದು ಕಾಣುತ್ತದೆ. ಜೊತೆಗೆ ಇಂಜಿನ್ ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಗೇರ್‌ಬಾಕ್ಸ್ ಬದಿಯಿಂದ ಲೋಹ ಬಡಿದ ಸದ್ದು ಬರುತ್ತದೆ. ಐಡಲಿಂಗ್‌ನಲ್ಲಿ ಗಲಗಲ ಶಬ್ದವಿದ್ದು, ಕ್ಲಚ್ ತುಳಿದಾಗ ಅದು ಬದಲಾಗುವುದೂ ಉಂಟು. ಆದರೆ ಖಚಿತ ತೀರ್ಮಾನಕ್ಕೆ ಗೇರ್‌ಬಾಕ್ಸ್ ಇಳಿಸಿ, ಎರಡು ತಟ್ಟೆಗಳ ನಡುವಿನ ಆಟವನ್ನು ಅಳೆದು, ತಯಾರಕರು ಕೊಟ್ಟ ಮಿತಿಯೊಂದಿಗೆ ಹೋಲಿಸಬೇಕು. ಒಂದಿಷ್ಟು ಆಟ ಹೊಸದರಲ್ಲೂ ಇರುತ್ತದೆ. ಕೈಯಲ್ಲಿ ಅಲ್ಲಾಡಿಸಿ ನೋಡಿ ಹೋಗಿದೆ ಎನ್ನುವುದು ಸರಿಯಲ್ಲ.

ಇಂಧನದ ಕಡೆ ನೋಡುವಾಗ ಫಿಲ್ಟರ್ ಕಟ್ಟಿರುವುದಕ್ಕೂ ಇಂಜೆಕ್ಟರ್ ಕೆಟ್ಟಿರುವುದಕ್ಕೂ ವ್ಯತ್ಯಾಸ ಗೊತ್ತಿರಬೇಕು. ಫಿಲ್ಟರ್ ಕಟ್ಟಿದರೆ ಕೊರತೆ ಸಾಮಾನ್ಯವಾಗಿ ಮೊದಲು ತಿಳಿಯುವುದು ಹೆಚ್ಚು ಡೀಸೆಲ್ ಬೇಕಾದಾಗ, ಅಂದರೆ ಏರು ರಸ್ತೆಯಲ್ಲಿ ಅಥವಾ ಪೂರ್ತಿ ಆಕ್ಸಿಲರೇಟರಿನಲ್ಲಿ. ಮೆಲ್ಲಗೆ ಒತ್ತಿದಾಗ ಪ್ರತಿ ಸಲವೂ ಸಿಂಪಡಣೆಯಾಗುವ ಡೀಸೆಲ್ ಬಹಳ ಕಡಿಮೆ. ಅಲ್ಲಿ ಒಂದು ಇಂಜೆಕ್ಟರ್ ಸ್ವಲ್ಪ ತಪ್ಪಿದರೂ ಅನುಪಾತದಲ್ಲಿ ಅದು ದೊಡ್ಡ ತಪ್ಪು. ಹೊಗೆಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೂ ಇದೇ ವ್ಯಾಪ್ತಿಯಲ್ಲಿ ಉರಿತ ಕೆಡುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. ಲಕ್ಷ ಕಿ.ಮೀ. ದಾಟಿದ ಡೀಸೆಲ್ ಹ್ಯಾಚ್‌ಬ್ಯಾಕ್ ಐದನೇ ಗೇರಿನಲ್ಲಿ 45 ಕಿ.ಮೀ. ವೇಗಕ್ಕೆ, ಸುಮಾರು 1200 ಆರ್‌ಪಿಎಂನಲ್ಲಿ, ಕುಲುಕುತ್ತದೆ. ಅದೇ ವೇಗದಲ್ಲಿ ಮೂರನೇ ಗೇರು, ಸುಮಾರು 2000 ಆರ್‌ಪಿಎಂ: ಏನೂ ಇಲ್ಲ. ನಾಲ್ಕನೇ ಗೇರಿನಲ್ಲಿ 36 ಕಿ.ಮೀ.ಗೆ ಇಳಿದಾಗ ಮತ್ತೆ 1200: ಕುಲುಕಾಟ ಹಾಜರು. ಚಕ್ರಗಳು ಇಲ್ಲಿಗೆ ಲೆಕ್ಕದಿಂದ ಹೊರಗೆ. ಬಾನೆಟ್ ತೆರೆದು ನೋಡಿದರೆ ಮೌಂಟಿಂಗ್ ಗಟ್ಟಿಯಾಗಿವೆ, ಆಫ್ ಮಾಡುವಾಗ ಬಡಿತದ ಸದ್ದಿಲ್ಲ, ಆದರೆ ಐಡಲಿಂಗ್ ಲಯ ಅಲ್ಲಲ್ಲಿ ತಪ್ಪುತ್ತದೆ. ಸ್ಕ್ಯಾನರ್ ಹಾಕಿದಾಗ, ಇಂಜಿನ್ನನ್ನು ಸಮವಾಗಿ ಓಡಿಸಲು ಕಂಪ್ಯೂಟರ್ ಒಂದೊಂದು ಸಿಲಿಂಡರಿಗೆ ಎಷ್ಟು ಡೀಸೆಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ಅಂಕಿಗಳು ಸಿಗುತ್ತವೆ. ಮೂರು ಸಿಲಿಂಡರುಗಳ ಅಂಕಿ ಸೊನ್ನೆಯ ಹತ್ತಿರ, ಎರಡನೆಯದು ಮಾತ್ರ ಬಹಳ ದೂರ. ಆ ಇಂಜೆಕ್ಟರನ್ನು ಮೂರನೇ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿ, ಅವುಗಳ ಮೇಲಿನ ಕೋಡ್‌ಗಳನ್ನೂ ಹೊಸ ಸ್ಥಾನಕ್ಕೆ ನಮೂದಿಸಿ ಮತ್ತೆ ನೋಡಬೇಕು. ದೋಷ ಮೂರನೆಯದಕ್ಕೆ ಹೋದರೆ ತಪ್ಪು ಇಂಜೆಕ್ಟರಿನದು. ಎರಡನೆಯದರಲ್ಲೇ ಉಳಿದರೆ ಆ ಸಿಲಿಂಡರಿನ ಕಂಪ್ರೆಷನ್ ಪರೀಕ್ಷಿಸಬೇಕು. ಕಾಮನ್ ರೈಲ್ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುವುದರಿಂದ ಇಂಜಿನ್ ಓಡುತ್ತಿರುವಾಗ ಅವನ್ನು ಸಡಿಲಿಸಲೇಬಾರದು. ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು.

ಇದೇ ಕಾರಿನಲ್ಲಿ ನೇರವಾಗಿ ಫ್ಲೈವೀಲ್ ಬದಲಿಸಿದ್ದರೆ ಹೊಸ ಸ್ಪ್ರಿಂಗುಗಳು ಕುಲುಕಾಟವನ್ನು ಒಂದಿಷ್ಟು ನುಂಗಿ, ರಿಪೇರಿ ಆಯಿತೆಂಬ ಭ್ರಮೆ ಹುಟ್ಟಿಸುತ್ತಿದ್ದವು. ಒಳಗಿನ ಅಸಮ ಹೊಡೆತ ಮಾತ್ರ ಮುಂದುವರಿದು, ಆ ಹೊಸ ಫ್ಲೈವೀಲನ್ನೂ ಬೇಗ ಸವೆಸುತ್ತಿತ್ತು. ಆದ್ದರಿಂದ ರಸ್ತೆ ಪರೀಕ್ಷೆ, ಮೌಂಟಿಂಗ್, ಸ್ಕ್ಯಾನರಿನ ಅಂಕಿ ಈ ಮೂರೂ ಮುಗಿದ ಮೇಲೆ, ಇಂಧನದಲ್ಲಿ ತಪ್ಪಿಲ್ಲವೆಂದು ಖಾತ್ರಿಯಾದಾಗಲೇ ಗೇರ್‌ಬಾಕ್ಸ್ ಇಳಿಸಬೇಕು. ಫ್ಲೈವೀಲ್ ಹೋಗಿರುವುದು ಅಳತೆಯಿಂದ ಖಚಿತವಾದರೆ ಕ್ಲಚ್ ಪ್ಲೇಟನ್ನೂ ಬೇರಿಂಗನ್ನೂ ಅದರ ಜೊತೆಗೇ ಬದಲಿಸುವುದು ವಾಡಿಕೆ. ಮತ್ತೆ ಅಷ್ಟನ್ನೂ ಬಿಚ್ಚುವ ಕೂಲಿ ಅದರಿಂದ ಉಳಿಯುತ್ತದೆ.