ಫೋಟೊದಲ್ಲಿ ಸೀರೆ ಉಡಿಸುವ ಮೂರು ದಾರಿ

2025ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, ಸೀರೆಗಳೇ ಸೀರೆಗಳು. 'ನ್ಯಾನೊ ಬನಾನಾ' ಎಂದು ಹೆಸರಾದ ಗೂಗಲ್‌ನ ಎಐ ಮಾದರಿಗೆ ಜೀನ್ಸ್ ತೊಟ್ಟ ಫೋಟೊ ಕೊಟ್ಟು ನಾಲ್ಕು ಸಾಲು ಬರೆದರೆ, ಹಳೆಯ ಸಿನಿಮಾ ನಾಯಕಿಯಂತೆ ಸೀರೆ ಉಟ್ಟ ಚಿತ್ರ ಬರುತ್ತಿತ್ತು. ಅದು ಯಾವ ಊರಿನ ಸೀರೆ ಎಂದು ಯಾರೂ ಕೇಳಲಿಲ್ಲ. ಆದರೆ ಸೀರೆ ಮಾರುವವರು ಕೇಳಲೇಬೇಕು.

ಚೂಡಿದಾರ ತೊಟ್ಟು ನಿಂತ ಹುಡುಗಿಯ ಫೋಟೊ ಇದೆ, ಅವಳ ಒಪ್ಪಿಗೆಯೂ ಇದೆ ಎಂದುಕೊಳ್ಳಿ. ಅಂಗಡಿಯವರು ಅವಳಿಗೆ ಫೋಟೊದಲ್ಲೇ ಇಳಕಲ್ ಸೀರೆ ಉಡಿಸಬೇಕು. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಬರೀ ಮಾತಿನ ದಾರಿ. 'ಚೂಡಿದಾರದ ಬದಲು ಕೆಂಪು ಸೆರಗಿನ ಇಳಕಲ್ ಸೀರೆ ಉಡಿಸು, ಮುಖ ಮತ್ತು ಹಿನ್ನೆಲೆ ಹಾಗೇ ಇರಲಿ' ಎಂದು ಬರೆದರೆ ಆಯಿತು. ಯಾವ ಜಾಗ ಬದಲಾಗಬೇಕು ಎಂಬುದನ್ನು ಮಾದರಿಯೇ ಊಹಿಸುತ್ತದೆ. ಹೆಗಲ ಮೇಲೆ ಬಿದ್ದ ಜಡೆ, ಸೊಂಟದ ಮೇಲಿಟ್ಟ ಕೈ, ಬಟ್ಟೆಯ ಮೇಲೆ ಬೀಳುವ ಬೆಳಕು ಇವನ್ನೆಲ್ಲ ಹೊಂದಿಸುವುದರಲ್ಲಿ ಇದು ಜಾಣ. ತೊಂದರೆ ಇರುವುದು ಎರಡು ಕಡೆ. ಇಂಥ ಮಾದರಿ ಸಾಮಾನ್ಯವಾಗಿ ಇಡೀ ಚಿತ್ರವನ್ನೇ ಹೊಸದಾಗಿ ಬರೆಯುತ್ತದೆ. ಹಾಗಾಗಿ 'ಮುಖ ಹಾಗೇ ಇರಲಿ' ಎಂಬುದು ಕೋರಿಕೆ ಅಷ್ಟೇ, ಬೇಲಿಯಲ್ಲ. ಒಮ್ಮೆ ತಿದ್ದಿದ್ದನ್ನೇ ಮತ್ತೆ ಮತ್ತೆ ತಿದ್ದಿಸುತ್ತ ಹೋದರೆ ಸಣ್ಣ ಬದಲಾವಣೆಗಳು ಸೇರಿ ಅವಳ ಅಕ್ಕನೋ ತಂಗಿಯೋ ಬಂದು ನಿಂತಂತಾಗುತ್ತದೆ. ಎರಡನೆಯದು ಸೀರೆಯದೇ ತೊಂದರೆ. ಇಳಕಲ್‌ನ ಗುರುತು ತೋಪ ತೆನಿ ಸೆರಗು, ಅಂದರೆ ಕೆಂಪಿನ ಮೇಲೆ ಬಿಳಿ ವಿನ್ಯಾಸ. ಮಾತಿನಲ್ಲಿ ಅದನ್ನು ಎಷ್ಟು ಬಣ್ಣಿಸಿದರೂ ಜರಿ ಅಂಚಿನ ಯಾವುದೋ ರೇಷ್ಮೆ ಸೀರೆ ಬರುವ ಸಂಭವವೇ ಹೆಚ್ಚು. ಕುರ್ತಾದ ಬಣ್ಣ ಬದಲಿಸಲು, ಅಂಗಿಯ ಮೇಲೊಂದು ಕೋಟು ಹಾಕಿ ನೋಡಲು ಮಾತಿನ ದಾರಿಯೇ ಸಾಕು.

ಬೇಲಿ ಬೇಕಾದವರಿಗೆ ಮಾಸ್ಕ್ ಇದೆ. ಬದಲಾಗಬೇಕಾದ ಜಾಗಕ್ಕೆ ಬಿಳಿ ಬಳಿಯುವುದು, ಉಳಿಯಬೇಕಾದ್ದನ್ನು ಕಪ್ಪಾಗಿ ಬಿಡುವುದು. ಕೈಯಲ್ಲೇ ಬಳಿಯಬಹುದು, ಅಥವಾ 2023ರಲ್ಲಿ ಮೆಟಾ ಹೊರತಂದ 'ಸೆಗ್ಮೆಂಟ್ ಎನಿಥಿಂಗ್' ಮಾದರಿಗೆ ಬಟ್ಟೆಯ ಮೇಲೆ ಒಂದು ಕ್ಲಿಕ್ ಮಾಡಿ ಕತ್ತರಿಸಿಕೊಳ್ಳಬಹುದು. ಹೊಸಬರು ಎಡವುವುದು ಇಲ್ಲೇ. ಕ್ಲಿಕ್ ಮಾಡಿ ಪಡೆದ ಮಾಸ್ಕ್ ಚೂಡಿದಾರದ ಅಂಚಿಗೆ ಅಂಟಿಕೊಂಡಿರುತ್ತದೆ. ಸೆರಗು ಇಳಿಬೀಳುವುದಕ್ಕೆ, ನೆರಿಗೆ ಹರಡುವುದಕ್ಕೆ ಅದರಲ್ಲಿ ಜಾಗವಿಲ್ಲ. ಆಗ ಎರಡು ಕಾಲುಗಳ ಆಕಾರದಲ್ಲೇ ಸೀರೆಯ ಬಟ್ಟೆ ಸುತ್ತಿಕೊಂಡು ಬರುತ್ತದೆ! ಕಾಲುಗಳ ನಡುವಿನ ಜಾಗ, ಎಡಹೆಗಲಿನ ಆಚೆ ಒಂದಿಷ್ಟು, ಪಾದದವರೆಗೂ ಧಾರಾಳವಾಗಿ ಬಿಳಿ ಬಳಿಯಬೇಕು. ಹಾಗೆ ಬಳಿಯುವಾಗ ಬೆರಳುಗಳು ಬಿಳಿಯೊಳಗೆ ಸೇರಿದರೆ ಅವೂ ಹೊಸದಾಗಿ ಹುಟ್ಟುತ್ತವೆ. ಎಷ್ಟು ಹುಟ್ಟುತ್ತವೆ ಎಂದು ಎಣಿಸಿ ನೋಡುವುದು ಒಳ್ಳೆಯದು.

ಬೇಲಿಯಲ್ಲೂ ಒಂದು ಕಿಂಡಿ ಇದೆ. ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು ಚಿತ್ರವನ್ನು ಎಂಟರಷ್ಟು ಕುಗ್ಗಿಸಿಕೊಂಡು ಕೆಲಸ ಮಾಡಿ ಮತ್ತೆ ಹಿಗ್ಗಿಸುತ್ತವೆ. ಇದರಲ್ಲಿ ಮಾಸ್ಕ್‌ನ ಹೊರಗಿದ್ದ ಮುಖವೂ ತುಸು ಸವೆಯುತ್ತದೆ. ಕೊನೆಯಲ್ಲಿ ಮೂಲ ಫೋಟೊದ ಕಪ್ಪು ಭಾಗವನ್ನು ಮೇಲೆ ಅಂಟಿಸಿದರೆ ಮಾತ್ರ ಮುಖ ನಿಜವಾಗಿ ಉಳಿಯುತ್ತದೆ. ಉಳಿದಿದೆಯೇ ಎಂದು ತಿಳಿಯಲು ಫೋಟೊಶಾಪ್‌ನಲ್ಲೋ ಗಿಂಪ್‌ನಲ್ಲೋ ಎರಡೂ ಚಿತ್ರಗಳನ್ನು ಒಂದರ ಮೇಲೊಂದಿಟ್ಟು 'ಡಿಫರೆನ್ಸ್' ಆರಿಸಬೇಕು. ಬದಲಾಗದ ಜಾಗ ಪೂರ್ತಿ ಕಪ್ಪಾಗಿ ಕಾಣುತ್ತದೆ.

ಮಾಸ್ಕ್ ಮುಖವನ್ನು ಕಾಯಿತು ನಿಜ, ಇಳಕಲ್ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಮೂರನೆಯ ದಾರಿ: ಹುಡುಗಿಯ ಫೋಟೊ ಜೊತೆ ಸೀರೆಯ ಫೋಟೊವನ್ನೂ ಕೊಡುವುದು. 2024ರ ಐಡಿಎಂ-ವಿಟಾನ್‌ನಂಥ ಮಾದರಿಗಳು ಮೈಯ ಭಂಗಿಯನ್ನು ಓದಿಕೊಂಡು, ಕೊಟ್ಟ ಬಟ್ಟೆಯ ವಿವರಗಳನ್ನು ಅದಕ್ಕೆ ಹೊಂದಿಸುತ್ತವೆ. ಇವುಗಳ ಒಳಗೂ ಮಾಸ್ಕ್ ಇದ್ದೇ ಇದೆ, ಬಳಕೆದಾರರಿಗೆ ಕಾಣುವುದಿಲ್ಲ ಅಷ್ಟೇ. ಹೊಲಿದ ಅಂಗಿ, ಟೀಶರ್ಟ್‌ಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಏಕೆಂದರೆ ಇವು ಕಲಿತ ವಿಟಾನ್-ಎಚ್‌ಡಿ ಸಂಗ್ರಹದಲ್ಲಿರುವುದೇ ಎದುರಾಗಿ ನಿಂತ ಹೆಣ್ಣುಮಕ್ಕಳ ಮೇಲಂಗಿಗಳು. ಸೀರೆ ಹೊಲಿದ ಬಟ್ಟೆಯಲ್ಲ, ಉಡುವ ಬಟ್ಟೆ. ಮಡಿಸಿಟ್ಟ ಸೀರೆಯ ಫೋಟೊ ಕೊಟ್ಟರೆ ಸೆರಗು ಎಲ್ಲಿ, ಅಂಚು ಎಲ್ಲಿ ಎಂದು ಮಾದರಿಗೆ ಗೊತ್ತಾಗುವುದಿಲ್ಲ. ಗೊಂಬೆಗೆ ಉಡಿಸಿ, ಸೆರಗು ಹರಡಿ ತೆಗೆದ ಫೋಟೊ ಕೊಡಬೇಕು.

ಹಾಗೆ ಕೊಟ್ಟರೂ ಕಸೂತಿಗೆ ಒಂದು ಮಿತಿ ಇದೆ. ಐದಡಿ ನಾಲ್ಕಂಗುಲ ಎತ್ತರದವಳು ಚಿತ್ರದಲ್ಲಿ 900 ಪಿಕ್ಸೆಲ್ ಉದ್ದಕ್ಕೆ ನಿಂತಿದ್ದರೆ, ಒಂದಂಗುಲಕ್ಕೆ ಸಿಗುವುದು ಸುಮಾರು 14 ಪಿಕ್ಸೆಲ್. ಎಂಟರಷ್ಟು ಕುಗ್ಗಿದಾಗ ಅಂಗುಲದಗಲದ ಗೋಪುರಕ್ಕೆ ಉಳಿಯುವುದು ಎರಡು ಚೌಕವೂ ಅಲ್ಲ. ನಾಲ್ಕಂಗುಲದ ಅಂಚು ಸರಿಯಾಗಿ ಬರಬಹುದು, ಗೋಪುರ ಕಲಸಿಹೋಗುತ್ತದೆ. ಸೊಂಟದ ಮೇಲಿನ ಫೋಟೊ ತೆಗೆದುಕೊಂಡರೆ ಪಿಕ್ಸೆಲ್ ಹೆಚ್ಚು ಸಿಕ್ಕಿ ಸ್ವಲ್ಪ ಅನುಕೂಲ.

ಹಾಗಾಗಿ ಈ ಅಂಗಡಿಯವರಿಗೆ ಒಂದೇ ದಾರಿ ಸಾಲದು. ಗೊಂಬೆ ಉಟ್ಟ ಸೀರೆಯ ಫೋಟೊ ಆಧಾರಕ್ಕೆ, ಅಗಲವಾದ ಮಾಸ್ಕ್ ಜಾಗಕ್ಕೆ, ಕೊನೆಗೆ ಮುಖ ಮತ್ತು ಬೆರಳು ಮೂಲದಿಂದಲೇ ಅಂಟಿಸಿಕೊಳ್ಳಬೇಕು. ಗೆಳತಿಯರಿಗೆ ಕಳಿಸುವ ಚಿತ್ರವಾದರೆ ನಾಲ್ಕು ಸಾಲಿನ ಮಾತೇ ಸಾಕು. ಕೊಳ್ಳುವವರು ಒಂದನ್ನು ನೆನಪಿಡಬೇಕು: ಈ ಮೂರರಲ್ಲಿ ಯಾವುದೂ ಮೈಯ ಅಳತೆ ತೆಗೆಯುವುದಿಲ್ಲ. ಚಿತ್ರದಲ್ಲಿ ಒಪ್ಪವಾಗಿ ಕೂತ ರವಿಕೆ ಮೈಗೆ ಸರಿಹೊಂದುತ್ತದೆಯೇ ಎಂಬುದನ್ನು ಟೇಪು ಹಿಡಿದೇ ನೋಡಬೇಕು.