ಉಕ್ಕಿನ ಸರಳುಗಳ ಕರ್ಷಣ ಪರೀಕ್ಷೆ: ವರದಿಯ ನಕ್ಷೆಯನ್ನು ಓದುವ ವಿಧಾನ

ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕ ಕೃಷ್ಣಾ ನದಿಯ ದಡದಲ್ಲಿರುವ ಗ್ರಾಮ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಈ ಭಾಗದ ನದಿ ತೀರದ ಗ್ರಾಮಗಳಲ್ಲಿ ಮನೆಗಳು ಹಾನಿಗೊಳಗಾದವು. ಮನೆಯನ್ನು ಪುನಃ ಕಟ್ಟುವವರು ಹೊಸ ಸರಳುಗಳನ್ನು ಖರೀದಿಸುವಾಗ ಅಥವಾ ಹಳೆಯ ಸರಳುಗಳನ್ನು ಮರುಬಳಸಲು ಯೋಚಿಸುವಾಗ ಅವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಅಲ್ಲಿಂದ ದೊರೆಯುವ ವರದಿಯನ್ನು ಅರ್ಜಿದಾರರು ಸ್ವತಃ ಅರ್ಥಮಾಡಿಕೊಳ್ಳಲು ಅನುಕೂಲವಾಗುವಂತೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ನಕ್ಷೆಯಲ್ಲಿ ಏನಿರುತ್ತದೆ?

ಸರಳಿನ ತುಂಡನ್ನು ಯಂತ್ರದ ಎರಡು ಹಿಡಿಗಳ ನಡುವೆ ಸಿಕ್ಕಿಸಿ, ತುಂಡಾಗುವವರೆಗೆ ನಿಧಾನವಾಗಿ ಎಳೆಯಲಾಗುತ್ತದೆ. ಎಳೆಯುವ ಬಲವನ್ನು ಸರಳಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದಾಗ ದೊರೆಯುವುದು ಪೀಡನ. ವರದಿಗಳಲ್ಲಿ ಇದನ್ನು ಸ್ಟ್ರೆಸ್ ಎಂದು ಬರೆಯಲಾಗಿರುತ್ತದೆ. ಉದ್ದದಲ್ಲಾದ ಹೆಚ್ಚಳವನ್ನು ಮೂಲ ಉದ್ದದಿಂದ ಭಾಗಿಸಿದಾಗ ದೊರೆಯುವುದು ವಿಕೃತಿ, ಅಂದರೆ ಸ್ಟ್ರೈನ್. ನಕ್ಷೆಯ ಲಂಬ ಅಕ್ಷದಲ್ಲಿ ಪೀಡನವೂ ಅಡ್ಡ ಅಕ್ಷದಲ್ಲಿ ವಿಕೃತಿಯೂ ಇರುತ್ತವೆ.

2. ನಿದರ್ಶನ

12 ಮಿ.ಮೀ. ವ್ಯಾಸದ, ಎಫ್‌ಇ 500ಡಿ ದರ್ಜೆಯ ಸರಳೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಮೈಮೇಲೆ ಏಣುಗಳಿರುವುದರಿಂದ ಇದರ ವಿಸ್ತೀರ್ಣವನ್ನು ತೂಕದಿಂದ ಲೆಕ್ಕ ಹಾಕತಕ್ಕದ್ದು. ಅರ್ಧ ಮೀಟರ್ ತುಂಡಿನ ತೂಕ 435 ಗ್ರಾಂ ಇದ್ದರೆ ಒಂದು ಮೀಟರಿಗೆ 0.870 ಕಿ.ಗ್ರಾಂ ಆಗುತ್ತದೆ. ಇದನ್ನು 0.00785ರಿಂದ ಭಾಗಿಸಿದರೆ ವಿಸ್ತೀರ್ಣ 110.8 ಚದರ ಮಿ.ಮೀ.

ಸ್ಥಿತಿಸ್ಥಾಪಕ ಭಾಗ: ನಕ್ಷೆಯು ಮೊದಲು ನೇರ ಗೆರೆಯಾಗಿ ಏರುತ್ತದೆ. ಈ ಭಾಗದಲ್ಲಿ ಬಲವನ್ನು ತೆಗೆದರೆ ಸರಳು ಮೂಲ ಉದ್ದಕ್ಕೆ ಮರಳುತ್ತದೆ. ಪೀಡನ 200 ನ್ಯೂಟನ್/ಚ.ಮಿ.ಮೀ. ಇದ್ದಾಗ ವಿಕೃತಿ ಸುಮಾರು 0.001 ಇರಬೇಕು, ಅಂದರೆ ಗೆರೆಯ ಇಳಿಜಾರು ಸುಮಾರು 2 ಲಕ್ಷ. ಉಕ್ಕಿನ ದರ್ಜೆ ಯಾವುದೇ ಇರಲಿ, ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ.

ಯೀಲ್ಡ್ ಬಿಂದು: ನೇರ ಗೆರೆ ಮುಗಿದು, ಬಲ ಹೆಚ್ಚದಿದ್ದರೂ ಸರಳು ಉದ್ದವಾಗತೊಡಗುವ ಸ್ಥಳವಿದು. ಇದನ್ನು ದಾಟಿದ ಸರಳು ಪೂರ್ಣವಾಗಿ ಹಿಂದಿರುಗುವುದಿಲ್ಲ. ಇಂತಹ ಸ್ಪಷ್ಟ ತಿರುವು ಕಾಣದೆ ಗೆರೆ ಮೆಲ್ಲನೆ ಬಾಗಿದ್ದಲ್ಲಿ, ಅಡ್ಡ ಅಕ್ಷದ 0.002 ಗುರುತಿನಿಂದ ಮೊದಲ ಗೆರೆಗೆ ಸಮಾನಾಂತರವಾಗಿ ಇನ್ನೊಂದು ಗೆರೆಯನ್ನು ಎಳೆಯಬೇಕು. ಅದು ನಕ್ಷೆಯನ್ನು ಸಂಧಿಸುವ ಸ್ಥಳದ ಪೀಡನವೇ ಶೇ. 0.2 ಪ್ರೂಫ್ ಸ್ಟ್ರೆಸ್. ನಮ್ಮ ಉದಾಹರಣೆಯಲ್ಲಿ ಅಲ್ಲಿನ ಬಲ 58,000 ನ್ಯೂಟನ್ ಎಂದಾದರೆ ಪೀಡನ 523.

ಗರಿಷ್ಠ ಸಾಮರ್ಥ್ಯ: ನಕ್ಷೆಯ ಅತ್ಯುನ್ನತ ಬಿಂದು. ಗರಿಷ್ಠ ಬಲ 66,500 ನ್ಯೂಟನ್ ಆದರೆ ಪೀಡನ 600. ಇದರ ನಂತರ ಸರಳು ಒಂದೆಡೆ ಕೊರಳಿನಂತೆ ಸಣ್ಣಗಾಗುತ್ತದೆ, ನಕ್ಷೆ ಕೆಳಗಿಳಿಯುತ್ತದೆ, ಕೊನೆಗೆ ಸರಳು ತುಂಡಾಗುತ್ತದೆ. ಮೊದಲು ಗುರುತು ಮಾಡಿದ 60 ಮಿ.ಮೀ. ಅಂತರವು ತುಂಡುಗಳನ್ನು ಜೋಡಿಸಿ ಅಳೆದಾಗ 70.8 ಮಿ.ಮೀ. ಆಗಿದ್ದರೆ ಉದ್ದದ ಹೆಚ್ಚಳ ಶೇ. 18.

3. ಫಲಿತಾಂಶವನ್ನು ಹೋಲಿಸುವುದು

ಭಾರತೀಯ ಮಾನಕ ಐಎಸ್ 1786:2008ರ ಪ್ರಕಾರ ಈ ದರ್ಜೆಗೆ ಯೀಲ್ಡ್ ಪೀಡನ ಕನಿಷ್ಠ 500 ಇರತಕ್ಕದ್ದು. ಗರಿಷ್ಠ ಸಾಮರ್ಥ್ಯ ಕನಿಷ್ಠ 565 ಇದ್ದು, ಅದೇ ಸರಳಿನ ಯೀಲ್ಡ್ ಪೀಡನಕ್ಕಿಂತ ಶೇ. 10ರಷ್ಟಾದರೂ ಹೆಚ್ಚಿರತಕ್ಕದ್ದು. ಉದ್ದದ ಹೆಚ್ಚಳ ಕನಿಷ್ಠ ಶೇ. 16. ಮೇಲಿನ ಸರಳಿನಲ್ಲಿ 600 ಎಂಬುದು 523ಕ್ಕಿಂತ ಸುಮಾರು ಶೇ. 15 ಹೆಚ್ಚು. ಆದ್ದರಿಂದ ಅದು ಈ ಷರತ್ತುಗಳನ್ನು ಪೂರೈಸುತ್ತದೆ. ಗರಿಷ್ಠ ಸಾಮರ್ಥ್ಯವೊಂದನ್ನೇ ನೋಡಿ ಸರಳನ್ನು ಒಪ್ಪಬಾರದು. ಯೀಲ್ಡ್ ಆದ ನಂತರ ಉಳಿಯುವ ಈ ಅಂತರ ಮತ್ತು ಉದ್ದವಾಗುವ ಗುಣದಿಂದಲೇ, ಕಟ್ಟಡ ಹಠಾತ್ತನೆ ಕುಸಿಯದೆ ಮೊದಲು ಬಾಗಿ, ಬಿರುಕು ಬಿಟ್ಟು ಎಚ್ಚರಿಕೆ ನೀಡುತ್ತದೆ.

4. ಗಮನಿಸಬೇಕಾದ ಅಂಶಗಳು

ನಕ್ಷೆಯ ಆರಂಭದಲ್ಲಿ ಸಣ್ಣ ಬಾಗು ಇದ್ದರೆ, ಅದು ಹಿಡಿಗಳಲ್ಲಿ ಸರಳು ಜಾರಿ ಕೂತಿದ್ದರ ಗುರುತು. ಆಗ ನೇರ ಗೆರೆಯನ್ನು ಹಿಂದಕ್ಕೆ ವಿಸ್ತರಿಸಿ, ಅದು ಅಡ್ಡ ಅಕ್ಷವನ್ನು ಮುಟ್ಟುವ ಸ್ಥಳವನ್ನು ಸೊನ್ನೆಯೆಂದು ಪರಿಗಣಿಸಬೇಕು. ಇಳಿಜಾರು 2 ಲಕ್ಷಕ್ಕಿಂತ ಬಹಳ ಕಡಿಮೆ ಕಂಡರೆ, ಉಕ್ಕು ಕಳಪೆಯೆಂದು ತೀರ್ಮಾನಿಸಬಾರದು. ಸರಳಿಗೆ ಎಕ್ಸ್‌ಟೆನ್ಸೋಮೀಟರ್ ಜೋಡಿಸದೆ ಯಂತ್ರದ ಚಲನೆಯನ್ನೇ ವಿಕೃತಿಯೆಂದು ದಾಖಲಿಸಿದಾಗ ಹೀಗಾಗುತ್ತದೆ. ಅಂತಹ ನಕ್ಷೆಯಲ್ಲಿ ಗರಿಷ್ಠ ಸಾಮರ್ಥ್ಯ ಸರಿಯಾಗಿಯೇ ಇರುತ್ತದೆ. ವಿಕೃತಿಯ ಅಂಕಿಗಳನ್ನು ಮಾತ್ರ ನಂಬಲಾಗದು.

ಕುಸಿದ ಮನೆಯಿಂದ ತೆಗೆದು ನೆಟ್ಟಗೆ ಮಾಡಿದ ಸರಳು ಒಮ್ಮೆ ಬಾಗಿದಾಗಲೇ ಯೀಲ್ಡ್ ಬಿಂದುವನ್ನು ದಾಟಿರುತ್ತದೆ. ಅದರ ನಕ್ಷೆಯಲ್ಲಿ ಸ್ಪಷ್ಟ ತಿರುವು ಅಳಿಸಿಹೋಗಿ ಗೆರೆ ಬೇಗ ಬಾಗಬಹುದು. ಗರಿಷ್ಠ ಸಾಮರ್ಥ್ಯ ಹೆಚ್ಚು ಬದಲಾಗದಿದ್ದರೂ ಉದ್ದವಾಗುವ ಗುಣ ಕುಗ್ಗಿರುತ್ತದೆ. ಪರೀಕ್ಷೆಗೆ ನೇರವಾಗಿದ್ದ ತುಂಡನ್ನು ಮಾತ್ರ ನೀಡಿದಲ್ಲಿ ಈ ದೋಷ ವರದಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಬಾಗಿದ್ದ ಭಾಗದಿಂದಲೇ ಮಾದರಿಯನ್ನು ನೀಡತಕ್ಕದ್ದು. ಉದ್ದದ ಹೆಚ್ಚಳ ನಿಗದಿತ ಮಿತಿಗಿಂತ ಕಡಿಮೆ ಬಂದ ಸರಳುಗಳನ್ನು ಕಂಬ, ತೊಲೆ ಹಾಗೂ ಛಾವಣಿಗೆ ಬಳಸಬಾರದು.