ಆಷಾಢದ ರಿಯಾಯಿತಿ: ಎಷ್ಟು ಸೀರೆ ಮಾರಿದರೆ ಗಿಟ್ಟೀತು?

ಆಷಾಢ ಬಂದರೆ ಮದುವೆ ಮುಹೂರ್ತಗಳು ನಿಲ್ಲುತ್ತವೆ, ಬಟ್ಟೆ ಅಂಗಡಿಗಳ ಮುಂದೆ ರಿಯಾಯಿತಿಯ ಫ್ಲೆಕ್ಸ್‌ಗಳು ಏಳುತ್ತವೆ. ಗಿರಾಕಿ ಕಡಿಮೆಯಾದ ತಿಂಗಳಲ್ಲಿ ಬೆಲೆ ಇಳಿಸಿ ಜನರನ್ನು ಕರೆಯುವುದು ಹಳೆಯ ಪದ್ಧತಿ. ಗಲ್ಲಾದಲ್ಲಿ ಕೂತವರ ಮನಸ್ಸಿನಲ್ಲಿ ಒಂದು ಅಂದಾಜೂ ಇರುತ್ತದೆ: ‘ಶೇ 10 ಬಿಡುತ್ತಿದ್ದೇವೆ, ಶೇ 10ರಷ್ಟು ಹೆಚ್ಚು ಮಾರಿದರೆ ಸರಿಹೋಗುತ್ತದೆ.’ ಬಹಳಷ್ಟು ಸಣ್ಣ ಅಂಗಡಿಗಳ ಕೈ ಕಚ್ಚುವುದು ಈ ಅಂದಾಜಿನಿಂದಲೇ.

ಲೆಕ್ಕಕ್ಕೆ ಒಂದೇ ಒಂದು ಸೀರೆಯನ್ನು ಕೈಗೆತ್ತಿಕೊಳ್ಳೋಣ. ಜಿಎಸ್‌ಟಿ ಬಿಟ್ಟು ಅದರ ಮಾರಾಟ ಬೆಲೆ 1,000 ರೂಪಾಯಿ. ನೇಕಾರರಿಂದಲೋ ಸಗಟು ವ್ಯಾಪಾರಿಯಿಂದಲೋ ತಂದ ಅಸಲು, ಸಾಗಣೆ, ಕೈಚೀಲ ಎಲ್ಲ ಸೇರಿ 700. ಅಂದರೆ ಒಂದು ಸೀರೆ ಹೋದರೆ ಅಂಗಡಿಗೆ ಉಳಿಯುವುದು 300. ಈಗ ಶೇ 10 ರಿಯಾಯಿತಿ ಕೊಟ್ಟರೆ ಬೆಲೆ 900 ಆಗುತ್ತದೆ. ಅಸಲು ಮಾತ್ರ 700ರಲ್ಲೇ ನಿಂತಿರುತ್ತದೆ. ಉಳಿಕೆ 200ಕ್ಕೆ ಇಳಿಯಿತು. ಬೆಲೆಯಲ್ಲಿ ಹತ್ತನೇ ಒಂದು ಭಾಗ ಹೋಯಿತು, ಉಳಿಕೆಯಲ್ಲಿ ಮೂರನೇ ಒಂದು ಭಾಗವೇ ಹೋಯಿತು. ಬಿಟ್ಟ 100 ರೂಪಾಯಿ ಪೂರ್ತಿಯಾಗಿ ನಮ್ಮ ಪಾಲಿನಿಂದಲೇ ಹೋಗುತ್ತದೆ.

ರಿಯಾಯಿತಿ ಇಲ್ಲದಿದ್ದರೂ ಈ ಅಂಗಡಿಯಲ್ಲಿ ಆಷಾಢದಲ್ಲಿ 80 ಸೀರೆ ಹೋಗುತ್ತಿತ್ತು ಎನ್ನೋಣ. ಆಗ ಉಳಿಕೆ 24,000 ರೂಪಾಯಿ. ಒಂದಕ್ಕೆ 200ರಂತೆ ಅದೇ 24,000 ಬರಬೇಕಾದರೆ 120 ಸೀರೆ ಮಾರಬೇಕು. ಹೆಚ್ಚುವರಿ 40 ಸೀರೆ, ಅಂದರೆ ಶೇ 50ರಷ್ಟು ಹೆಚ್ಚು ಮಾರಾಟ. ಇದೇ ರಿಯಾಯಿತಿ ಸರಿತೂಗುವ ಬಿಂದು. ಅಲ್ಲಿಗೆ ಮುಟ್ಟಿದರೂ ಲಾಭ ಬಂದಿಲ್ಲ, ರಿಯಾಯಿತಿ ಕೊಡದಿದ್ದರೆ ಇರುತ್ತಿದ್ದಲ್ಲಿಗೇ ಬಂದು ನಿಂತಿದ್ದೇವೆ.

ಇಷ್ಟೊಂದು ಏಕೆ ಬೇಕು? ಆ 80 ಜನ ಹೇಗೂ ಕೊಳ್ಳುತ್ತಿದ್ದವರು. ಅವರಲ್ಲಿ ಒಬ್ಬೊಬ್ಬರಿಗೂ 100 ರೂಪಾಯಿ ಬಿಟ್ಟುಕೊಟ್ಟೆವು, ಒಟ್ಟು 8,000. ಹೊಸದಾಗಿ ಬಂದ 40 ಜನ ತಲಾ 200 ತಂದುಕೊಟ್ಟರು, ಅದೂ 8,000. ರಿಯಾಯಿತಿಯ ನಿಜವಾದ ಖರ್ಚು ಹೇಗೂ ಕೊಳ್ಳುತ್ತಿದ್ದವರಿಗೆ ಬಿಟ್ಟ ಹಣ. ಅದನ್ನು ಹೊಸಬರು ತುಂಬಿಕೊಡಬೇಕು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಉಳಿದ ಲೆಕ್ಕವೆಲ್ಲ ಅದರ ಹಿಂದೆಯೇ ಬರುತ್ತದೆ.

ಸೂತ್ರವೂ ಸುಲಭ. ರಿಯಾಯಿತಿಯ ಶೇಕಡಾವನ್ನು, ಉಳಿಕೆಯ ಶೇಕಡಾದಿಂದ ರಿಯಾಯಿತಿ ಕಳೆದು ಬಂದ ಅಂಕಿಯಿಂದ ಭಾಗಿಸಬೇಕು. ಇಲ್ಲಿ ಉಳಿಕೆ ಶೇ 30, ರಿಯಾಯಿತಿ ಶೇ 10. ಮೂವತ್ತರಲ್ಲಿ ಹತ್ತು ಕಳೆದರೆ ಇಪ್ಪತ್ತು. ಹತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಅರ್ಧ, ಅಂದರೆ ಶೇ 50. ಅದೇ ಸೀರೆಗೆ ಶೇ 20 ಬಿಟ್ಟರೆ ಉಳಿಕೆ 100 ಮಾತ್ರ, 80ರ ಬದಲು 240 ಸೀರೆ ಮಾರಬೇಕು. ಶೇ 30 ಬಿಟ್ಟರೆ ಎಷ್ಟು ಸಾವಿರ ಸೀರೆ ಮಾರಿದರೂ ಸರಿತೂಗದು, ಏಕೆಂದರೆ ಉಳಿಕೆಯೇ ಇಲ್ಲ.

ಇಲ್ಲಿ ಒಂದು ಕಡೆ ಎಡವುವವರು ಬಹಳ. 700ಕ್ಕೆ ತಂದು 1,000ಕ್ಕೆ ಮಾರಿದರೆ ‘ಶೇ 43 ಲಾಭ’ ಎನ್ನುವುದು ಅಸಲಿನ ಮೇಲಿನ ಲೆಕ್ಕ. ರಿಯಾಯಿತಿ ಕೊಡುವುದು ಮಾರಾಟ ಬೆಲೆಯ ಮೇಲೆ. ಆದ್ದರಿಂದ ಉಳಿಕೆಯನ್ನೂ ಮಾರಾಟ ಬೆಲೆಯ ಮೇಲೆಯೇ ನೋಡಬೇಕು. 43 ಎಂದು ಹಿಡಿದರೆ ಶೇ 30ರಷ್ಟು ಹೆಚ್ಚು ಮಾರಿದರೆ ಸಾಕು ಎಂಬ ಉತ್ತರ ಬರುತ್ತದೆ. ನಿಜವಾಗಿ ಬೇಕಾದದ್ದು ಶೇ 50.

ಅಂಗಡಿ ಬಾಡಿಗೆ, ಕಾಯಂ ಹುಡುಗರ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ರಿಯಾಯಿತಿ ಕೊಟ್ಟರೂ ಕೊಡದಿದ್ದರೂ ಅವು ಅಷ್ಟೇ. ರಿಯಾಯಿತಿಗೆಂದೇ ಮಾಡಿದ ಖರ್ಚು ಮಾತ್ರ ಸೇರಬೇಕು. ಫ್ಲೆಕ್ಸ್, ಆಟೋದಲ್ಲಿ ಮೈಕ್ ಪ್ರಚಾರ, ತಿಂಗಳ ಮಟ್ಟಿಗೆ ಹೆಚ್ಚುವರಿ ಸಹಾಯ, ಇವಕ್ಕೆಲ್ಲ 4,000 ಆಯಿತು ಎನ್ನೋಣ. ಸೀರೆಗೆ 200ರಂತೆ ಅದನ್ನು ಎತ್ತಲು ಮತ್ತೆ 20 ಸೀರೆ ಬೇಕು. ಗುರಿ ಈಗ 140.

ತಿಂಗಳ ಕೊನೆಗೆ ಬಿಲ್ ಪುಸ್ತಕ ಎಣಿಸಿದಾಗ 150 ಸೀರೆ ಹೋಗಿದೆ. ಗುರಿ ದಾಟಿ ಹತ್ತು ಹೆಚ್ಚಾಯಿತು, 2,000 ರೂಪಾಯಿ ಗಿಟ್ಟಿತು ಎಂದು ಸಮಾಧಾನಪಟ್ಟುಕೊಳ್ಳಬಹುದೇ? ಶ್ರಾವಣದವರೆಗೆ ಕಾಯಬೇಕು. ಆಷಾಢದ ಬೆನ್ನಿಗೇ ವರಮಹಾಲಕ್ಷ್ಮಿ ಹಬ್ಬ ಬರುತ್ತದೆ, ಮನೆಮನೆಗೂ ಹೊಸ ಸೀರೆ ಬೇಕು. ಹಬ್ಬಕ್ಕೆಂದು ಶ್ರಾವಣದಲ್ಲಿ 1,000 ಕೊಟ್ಟೇ ಒಯ್ಯುತ್ತಿದ್ದವರು ಒಂದಷ್ಟು ಜನ, ಕಡಿಮೆಗೆ ಸಿಗುತ್ತಿದೆ ಎಂದು ಆಷಾಢದಲ್ಲೇ ಬಂದಿರುತ್ತಾರೆ. ಅವರು ಹೊಸ ಗಿರಾಕಿಗಳಲ್ಲ, ಅವರೂ ಹೇಗೂ ಕೊಳ್ಳುತ್ತಿದ್ದವರೇ. ಅಂಥವರು 40 ಜನ ಇದ್ದರೆ ಶ್ರಾವಣದ ಗಲ್ಲಾಕ್ಕೆ ಬರಬೇಕಿದ್ದ 12,000 ಬರುವುದಿಲ್ಲ. ಆಷಾಢದಲ್ಲಿ ಕಂಡ 2,000ದ ಲಾಭ ಎರಡೂ ತಿಂಗಳು ಸೇರಿಸಿ ನೋಡಿದಾಗ 10,000ದ ನಷ್ಟವಾಗಿರುತ್ತದೆ. ಅಷ್ಟು ಜನ ಮುಂಚೆಯೇ ಬರುವುದಾದರೆ ಗುರಿ 140 ಅಲ್ಲ, 200 ಇರಬೇಕಿತ್ತು.

ಇದನ್ನು ಪತ್ತೆ ಹಚ್ಚಲು ದೊಡ್ಡ ವಿದ್ಯೆ ಬೇಡ. ಸೀರೆ ಮಡಚಿ ಕೊಡುವಾಗ ‘ಹಬ್ಬಕ್ಕಾ ಅಮ್ಮಾ?’ ಎಂದು ಕೇಳಿ, ಹೌದೆಂದರೆ ಬಿಲ್ಲಿನ ಮೂಲೆಯಲ್ಲಿ ಒಂದು ಗುರುತು ಹಾಕಿದರೆ ಅಂದಾಜು ಸಿಗುತ್ತದೆ. ಆಮೇಲೆ ಕಳೆದ ವರ್ಷದ ಆಷಾಢ–ಶ್ರಾವಣ ಎರಡರ ಒಟ್ಟು ಉಳಿಕೆಯನ್ನು ಈ ವರ್ಷದ್ದರ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ತಿಂಗಳು ನೋಡಿದರೆ ಮೋಸ ಹೋಗುತ್ತೇವೆ.

ಹಾಗಾದರೆ ಆಷಾಢದ ರಿಯಾಯಿತಿ ದಂಡವೇ? ಅಲ್ಲ. ಕಪಾಟಿನ ಮೇಲಿನ ಅರೆಯಲ್ಲಿ ಎರಡು ದೀಪಾವಳಿ ಕಂಡ, ಮಡಿಕೆಯ ಅಂಚು ಮಾಸಿದ ಸೀರೆಗಳಿವೆಯಲ್ಲ, ಅವುಗಳ ಲೆಕ್ಕ ಬೇರೆ. ಅವಕ್ಕೆ ಕೊಟ್ಟ 700 ಎಂದೋ ಹೋಗಿದೆ. ಅವನ್ನು ಹೇಗೂ ಯಾರೂ ಪೂರ್ತಿ ಬೆಲೆಗೆ ಕೊಳ್ಳುತ್ತಿರಲಿಲ್ಲ. ಗುತ್ತಿಗೆಯಾಗಿ ಎತ್ತುವ ವ್ಯಾಪಾರಿ 400 ಕೊಡುವುದಾದರೆ, ಹೋಲಿಸಬೇಕಾದದ್ದು ಆ 400ರ ಜೊತೆ. ಅಂಥ ಸೀರೆ 600ಕ್ಕೆ ಹೋದರೆ ಅಸಲು ಹುಟ್ಟದಿದ್ದರೂ 200 ಉಳಿದಂತೆಯೇ, ಜೊತೆಗೆ ಶ್ರಾವಣದ ಹೊಸ ಸರಕಿಗೆ ಜಾಗವೂ ಆಯಿತು. ಹಳೆಯ ದಾಸ್ತಾನಿಗೆ ದೊಡ್ಡ ರಿಯಾಯಿತಿ ಕೊಟ್ಟು, ಓಡುವ ಸೀರೆಗಳನ್ನು ಪೂರ್ತಿ ಬೆಲೆಯಲ್ಲೇ ಇಡುವ ಅಂಗಡಿಯವರು ಈ ವ್ಯತ್ಯಾಸ ತಿಳಿದವರು.

ಫ್ಲೆಕ್ಸ್ ಬರೆಸುವ ಮುನ್ನವೇ ಬಿಲ್ ಪುಸ್ತಕದ ಒಳರಟ್ಟಿನ ಮೇಲೆ ಗುರಿಯ ಅಂಕಿ ಬರೆದಿಡಬೇಕು. 140 ಎಂದಾದರೆ ಹತ್ತನೇ ದಿನದ ರಾತ್ರಿ ಬಾಗಿಲು ಹಾಕುವಾಗ 47ರ ಆಸುಪಾಸು ಇರಬೇಕು. 25 ಮಾತ್ರ ಹೋಗಿದ್ದರೆ, ಓಡುವ ಸೀರೆಗಳನ್ನು ರಿಯಾಯಿತಿಯ ರಾಶಿಯಿಂದ ಎತ್ತಿ ಮತ್ತೆ ಕಪಾಟಿಗೆ ಜೋಡಿಸಲು ಇನ್ನೂ ಇಪ್ಪತ್ತು ದಿನ ಬಾಕಿ ಇದೆ.